ಗೈಡ್ ಮೆಸೇಜಿನಲ್ಲಿ ಮೆಚ್ಚುಗೆ ಯಾವುದು, ಕೆಲಸ ಯಾವುದು?

"ಗೈಡ್ ಮೆಸೇಜ್: 'ಆಳಂದದ ಸರ್ವೆ ಚೆನ್ನಾಗಿದೆ. ಆದರೆ ಚಿತ್ತಾಪುರದ ತೊಗರಿ ಇಳುವರಿ ಜಾಸ್ತಿ ಅನಿಸ್ತಿದೆ, ಒಮ್ಮೆ ನೋಡಿ. ಸೋಮವಾರ ಟೇಬಲ್ ಕಳಿಸಿ.' ಖುಷಿಪಡಲಾ, ಹೆದರಲಾ?"

ಎಲ್ಲವನ್ನೂ ಒಂದೇ ಮಾತು ಅಂತ ಓದಿದ್ದಕ್ಕೇ ಈ ಗೊಂದಲ. ಮೊದಲು ಏನು ಮಾಡಿ ಅಂದಿದ್ದಾರೆ ಅಂತ ಹುಡುಕಿ. 'ಕಳಿಸಿ' ಅನ್ನೋದು ಕೆಲಸ, ಗಡುವೂ ಇದೆ. 'ಒಮ್ಮೆ ನೋಡಿ'ಯೂ ಕೆಲಸವೇ, ಸುಮ್ನೆ ಅಂದಿದ್ದಲ್ಲ.

ಆಮೇಲೆ ಆತಂಕ. ಅದು ಚಿತ್ತಾಪುರದ ಅಂಕಿಗೆ ಮಾತ್ರ. ಆಳಂದದ ಮೆಚ್ಚುಗೆ ಹಾಗೇ ಇದೆ, ಆ ಭಾಗ ಮುಟ್ಟಬೇಡಿ. ಇಳುವರಿ ಎಕರೆಗೋ ಹೆಕ್ಟೇರಿಗೋ ಅಂತ ನೋಡಿ. ಹೆಕ್ಟೇರಿನದು ಬೆರೆತಿದ್ದರೆ ಅಂಕಿ ಸುಮಾರು 2.5 ಪಟ್ಟು ಕಾಣುತ್ತೆ.

'ಅನಿಸ್ತಿದೆ' ಅಂದದ್ದು ನಿಜವಾದ ಅನುಮಾನವೋ, ತಪ್ಪನ್ನೇ ಮೆತ್ತಗೆ ಹೇಳಿದ್ದೋ, ಮೆಸೇಜಿನಿಂದ ಗೊತ್ತಾಗಲ್ಲ. ಹೀಗೆ ಕೇಳಿಬಿಡಿ: "ಸರ್, ಚಿತ್ತಾಪುರದ ಇಳುವರಿ ಮೂಲ ಸರ್ವೆ ಫಾರ್ಮ್ ಜೊತೆ ತಾಳೆ ನೋಡಿ, ತಿದ್ದಿದ ಟೇಬಲನ್ನೇ ಸೋಮವಾರ ಕಳಿಸಲಾ?"