ಚಳಿಗಾಲದಲ್ಲಿ ಹೀಟ್ ಪಂಪ್ ನಡುನಡುವೆ ಬಿಸಿಗಾಳಿ ನಿಲ್ಲಿಸುವುದೇಕೆ?

ಪ್ರಶ್ನೆ: ಚಳಿ ಹೆಚ್ಚಿದಾಗ ನಮ್ಮ ಹೀಟ್ ಪಂಪ್ ಆಗಾಗ ಬಿಸಿಗಾಳಿ ನಿಲ್ಲಿಸುತ್ತದೆ, ಹೊರಗಿನ ಘಟಕದಿಂದ ಹೊಗೆಯಂಥದ್ದು ಏಳುತ್ತದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಅದು ಹಿಮ ಕರಗಿಸಿಕೊಳ್ಳುತ್ತಿದೆ. ನೀವು ಕಂಡದ್ದು ಹೊಗೆಯಲ್ಲ, ನೀರಾವಿ.

ಮನೆ ಬಿಸಿ ಮಾಡುವಾಗ ಹೊರಗಿನ ಘಟಕದ ಕೊಳವೆಸುರುಳಿ, ಅಂದರೆ ಕಾಯಿಲ್, ಗಾಳಿಯಿಂದ ಶಾಖ ಹೀರಬೇಕು; ಅದಕ್ಕಾಗಿ ಅದು ಗಾಳಿಗಿಂತ ತಣ್ಣಗಿರಲೇಬೇಕು. ಹೊರಗೆ 2 ಡಿಗ್ರಿ ಇದ್ದರೆ ಕಾಯಿಲ್ ಸೊನ್ನೆಗಿಂತ ಕೆಳಗಿಳಿಯುತ್ತದೆ, ಗಾಳಿಯ ತೇವ ಅದರ ತೆಳು ಲೋಹದ ರೆಕ್ಕೆಗಳ ಮೇಲೆ ಹಿಮವಾಗಿ ಕಟ್ಟುತ್ತದೆ. ಒಣ ಕೊರೆಚಳಿಗಿಂತ ಇಂಥ ತೇವದ ಚಳಿಯಲ್ಲೇ ಹಿಮ ಹೆಚ್ಚು.

ಗಾಳಿಯ ದಾರಿ ಮುಚ್ಚುತ್ತಿದ್ದಂತೆ ನಿಯಂತ್ರಕವು ಅನಿಲ ಹರಿಯುವ ದಿಕ್ಕು ಬದಲಿಸುವ ರಿವರ್ಸಿಂಗ್ ವಾಲ್ವ್‌ಗೆ ಸೂಚನೆ ಕೊಡುತ್ತದೆ. ವಿದ್ಯುತ್ತಿನಿಂದ ಕಾಂತವಾಗುವ ಪುಟ್ಟ ಸುರುಳಿ ಸೊಲೆನಾಯ್ಡ್ ಒತ್ತಡದ ದಾರಿ ಬದಲಿಸುತ್ತದೆ, ಆ ಒತ್ತಡವೇ ಒಳಗಿನ ಜಾರುತುಂಡನ್ನು ತಳ್ಳುತ್ತದೆ. 'ಬುಸ್' ಎಂಬ ಸದ್ದು ಆಗಿನದೇ. ಕಂಪ್ರೆಸರ್‌ನ ಬಿಸಿ ಅನಿಲ ಈಗ ಹೊರಗಿನ ಕಾಯಿಲ್‌ಗೆ ಹರಿಯುತ್ತದೆ; ಅದಕ್ಕೇ ಒಳಗೆ ಬಿಸಿಗಾಳಿ ನಿಲ್ಲುತ್ತದೆ. ಹೊರಗಿನ ಫ್ಯಾನ್ ನಿಲ್ಲುತ್ತದೆ, ಹಿಮ ನೀರಾಗಿ ಸುರಿಯುತ್ತದೆ. ಕಾಯಿಲ್ ಸಾಕಷ್ಟು ಬೆಚ್ಚಗಾದೊಡನೆ, ಸಾಮಾನ್ಯವಾಗಿ 10 ನಿಮಿಷದೊಳಗೆ, ವಾಲ್ವ್ ಹಿಂದಿನ ಸ್ಥಿತಿಗೆ ಮರಳುತ್ತದೆ.

ತೆಳು ಬಿಳಿ ಹಿಮಕ್ಕೆ ಹೆದರಬೇಡಿ. ಆದರೆ ಗಟ್ಟಿ ಮಂಜುಗಡ್ಡೆ ಗಂಟೆಗಟ್ಟಲೆ ಕರಗದಿದ್ದರೆ ಸಂವೇದಕ, ವಾಲ್ವ್ ಅಥವಾ ಅನಿಲದ ಕೊರತೆಯನ್ನು ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ. ದಯವಿಟ್ಟು ಮಂಜುಗಡ್ಡೆಯನ್ನು ಕೆರೆಯಬೇಡಿ; ರೆಕ್ಕೆಗಳು ಬಾಗುತ್ತವೆ, ಕೊಳವೆ ತೂತಾಗಬಹುದು.