ಒಂದು ಆಂಬುಲೆನ್ಸಿಗೆ 24 ಗಂಟೆ ಡ್ಯೂಟಿಯ ತಿಂಗಳ ಪಟ್ಟಿ ಹಾಕುವುದು ಹೇಗೆ?

ಪ್ರಶ್ನೆ: ನಮ್ಮಲ್ಲಿ ಒಂದು ಆಂಬುಲೆನ್ಸ್, ಮೂವರು ಡ್ರೈವರ್. ಬೆಳಿಗ್ಗೆ 8ರಿಂದ ಮರುದಿನ 8ರವರೆಗೆ ಡ್ಯೂಟಿ. ವಾರಕ್ಕೆ 48 ಗಂಟೆ ಮೀರದಂತೆ ಪಟ್ಟಿ ಹಾಕುವುದು ಹೇಗೆ?

ಮೂವರಿಂದಲೇ ಆಗುವುದಿಲ್ಲ, ನಾಲ್ಕನೆಯವರೊಬ್ಬರು ರಿಲೀವರ್ ಆಗಿ ಬೇಕು. ಒಂದು ದಿನ ಡ್ಯೂಟಿ, ಎರಡು ದಿನ ಬಿಡುವು ಎಂದು ಎ, ಬಿ, ಸಿ ಸುತ್ತಿದರೆ ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 56 ಗಂಟೆ ಬೀಳುತ್ತದೆ. ಪ್ರತಿಯೊಬ್ಬರ ಪ್ರತಿ ಏಳನೇ ಡ್ಯೂಟಿಯನ್ನು ಬಿಡಿಸಿದರೆ 21 ದಿನಕ್ಕೆ ಆರೇ ಡ್ಯೂಟಿ, ಅಂದರೆ 144 ಗಂಟೆ. ವಾರಕ್ಕೆ ಸರಾಸರಿ ಸರಿಯಾಗಿ 48. ಅಮೆರಿಕದ ಅಗ್ನಿಶಾಮಕ ಠಾಣೆಗಳಲ್ಲಿ ಹೀಗೆ ಬಿಡಿಸಿದ ದಿನಕ್ಕೆ ಕೆಲ್ಲಿ ಡೇ ಎನ್ನುತ್ತಾರೆ.

ಬಿಡಿಸುವ ದಿನವನ್ನು ಏಳೇಳು ದಿನಕ್ಕೊಮ್ಮೆ ಇಡಿ. ತಿಂಗಳ 1 ಸೋಮವಾರ, ಅಂದು ಎ ಎಂದಿಟ್ಟುಕೊಳ್ಳಿ. ಆಗ 5ರಂದು ಬಿ, 12ರಂದು ಸಿ, 19ರಂದು ಎ, 26ರಂದು ಮತ್ತೆ ಬಿ ಬಿಡುವಾಗುತ್ತಾರೆ. ನಾಲ್ಕೂ ಶುಕ್ರವಾರಗಳೇ! ಹೀಗಾಗಿ ರಿಲೀವರ್ ಪ್ರತಿ ಶುಕ್ರವಾರ ಬಂದರೆ ಸಾಕು, ಸರದಿ ತಾನಾಗಿಯೇ ತಿರುಗುತ್ತದೆ. ಎ 17ರ ಬೆಳಿಗ್ಗೆ ಇಳಿದರೆ ಮತ್ತೆ ಹತ್ತುವುದು 22ರಂದು. ಊರಿಗೆ ಹೋಗಿ ಬರಲು ಐದು ಪೂರ್ತಿ ದಿನ ಸಿಗುತ್ತದೆ. 30 ದಿನಕ್ಕೆ ಎ ಮತ್ತು ಸಿ ತಲಾ 9, ಬಿ 8, ರಿಲೀವರ್ 4.

ರಜೆಗೂ ಅದೇ ರಿಲೀವರ್ ಬೇಕಾಗುತ್ತದೆ. ಅವರಿಗೂ ಡ್ಯೂಟಿಯ ಹಿಂದೆ ಮುಂದೆ 48 ಗಂಟೆ ಬಿಡುವು ಉಳಿಯಬೇಕಾದರೆ ವಾರದಲ್ಲಿ ಸೋಮವಾರ ಅಥವಾ ಮಂಗಳವಾರ, ಒಂದೇ ದಿನ ಕೊಡಬಹುದು. ಆದ್ದರಿಂದ ಮೊದಲೇ ಹೇಳಿ ಹಾಕುವ ರಜೆಗಳನ್ನು ಆ ಎರಡು ದಿನಗಳಿಗೇ ಇಟ್ಟುಕೊಳ್ಳಿ ಎಂದು ಡ್ರೈವರ್‌ಗಳಿಗೆ ತಿಳಿಸಿಬಿಡಿ. ಜೊತೆಗಿರುವ ಇಎಂಟಿಗಳಿಗೂ ಇದೇ ಲೆಕ್ಕ, ಆದರೆ ಅವರ ರಿಲೀವರ್ ದಿನ ಬೇರೆ ಇರಲಿ. ಗಾಡಿಯ ಅಭ್ಯಾಸವಿಲ್ಲದ ಇಬ್ಬರೂ ಒಂದೇ ದಿನ ಬರಬಾರದು.

ಪಟ್ಟಿ ಹೆಚ್ಚಾಗಿ ಕೆಡುವುದು ತಿಂಗಳು ಬದಲಾಗುವಾಗ. 31 ದಿನದ ತಿಂಗಳಲ್ಲಿ ಕೊನೆಯ ದಿನವೂ ಎ ಸರದಿಯೇ. ಮುಂದಿನ 1ಕ್ಕೆ ಮತ್ತೆ ಎ ಎಂದು ಬರೆದರೆ ಆತ 48 ಗಂಟೆ ಗಾಡಿಯಲ್ಲೇ ಇರಬೇಕಾಗುತ್ತದೆ. ಹಾಗಾಗಿ ಪ್ರತಿ ತಿಂಗಳೂ ಹೊಸದಾಗಿ ಶುರು ಮಾಡಬೇಡಿ. ಎಕ್ಸೆಲ್‌ನಲ್ಲಿ ಸುತ್ತು ಶುರುವಾದ ದಿನಾಂಕವನ್ನು E1ರಲ್ಲಿ, ಪಟ್ಟಿಯ ದಿನಾಂಕಗಳನ್ನು A2ರಿಂದ ಕೆಳಕ್ಕೆ ಹಾಕಿ, B2ರಲ್ಲಿ ಇದನ್ನು ಬರೆದು ಕೆಳಕ್ಕೆ ಎಳೆಯಿರಿ:

```
=CHOOSE(MOD(A2-$E$1,3)+1,"ಎ","ಬಿ","ಸಿ")
```

ಇನ್ನೊಂದು ಅಪಾಯ ಅದಲು ಬದಲು. ಎ ತನ್ನ 4ನೇ ತಾರೀಖನ್ನು ಬಿಗೆ ಕೊಟ್ಟು 8ನ್ನು ತೆಗೆದುಕೊಂಡರೆ, ಎಗೆ 7 ಮತ್ತು 8 ಜೋಡಿಯಾಗುತ್ತವೆ. ಬಿಗೆ 5 ಬಿಡುವಿಲ್ಲದ ತಿಂಗಳಾದರೆ ಅವರಿಗೂ 4, 5 ಜೋಡಿ. ಅಕ್ಕಪಕ್ಕದ ದಿನಗಳನ್ನೇ, ಅಂದರೆ 7ಕ್ಕೆ 8 ಎಂದು ಬದಲಿಸಿಕೊಂಡರೆ ಇಬ್ಬರಿಗೂ ಕಡಿಮೆಯೆಂದರೆ 24 ಗಂಟೆಯಾದರೂ ನಿದ್ದೆಗೆ ಉಳಿಯುತ್ತದೆ. ಅದಕ್ಕಿಂತ ದೂರದ ಬದಲಿಗೆ ಸಹಿ ಹಾಕಬೇಡಿ.