ಗ್ಯಾಸ್ ಗೀಸರ್ ಹೊಗೆಯಲ್ಲಿ ಬಿದ್ದವರಿಗೆ ಆಕ್ಸಿಮೀಟರ್ ನಂಬಬಹುದೇ?

ಪ್ರಶ್ನೆ: ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದಾಗ ತಲೆಸುತ್ತಿ ಬಿದ್ದವರ ಬೆರಳಿಗೆ ಹಾಕಿದ ಆಕ್ಸಿಮೀಟರ್ ಶೇ. 98 ತೋರಿಸಿತು. ಹಾಗಾದರೆ ಆಮ್ಲಜನಕ ಸರಿಯಿದೆ ತಾನೇ?

ಉತ್ತರ: ಇಲ್ಲ. ಆಕ್ಸಿಮೀಟರ್ ಕೆಂಪು ಮತ್ತು ಇನ್ಫ್ರಾರೆಡ್ ಎಂಬ ಎರಡೇ ಬೆಳಕಿನಿಂದ ಅಳೆಯುತ್ತದೆ. ಗೀಸರ್ ಹೊಗೆಯ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ನಂತೆಯೇ ಹೀರುವುದರಿಂದ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಶೇ. 30ರಷ್ಟು ಹಿಮೋಗ್ಲೋಬಿನ್ ವಿಷಾನಿಲದ ಪಾಲಾಗಿದ್ದರೂ ಪರದೆಯಲ್ಲಿ 98 ಬರಬಹುದು.

ಇಲ್ಲಿ ಇನ್ನೊಂದು ಮೋಸವಿದೆ. ಸಾಮಾನ್ಯ ಬ್ಲಡ್ ಗ್ಯಾಸ್ ಯಂತ್ರ ಸ್ಯಾಚುರೇಷನ್ ಅನ್ನು, ಅಂದರೆ ಶೇಕಡಾ ಎಷ್ಟು ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿದೆ ಎಂಬುದನ್ನು, ಅಳೆಯದೆ ಆಮ್ಲಜನಕದ ಒತ್ತಡದಿಂದ ಲೆಕ್ಕಹಾಕುತ್ತದೆ. ಆ ಒತ್ತಡ ಇಂಥವರಲ್ಲಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ವಿಷಾನಿಲ ಹಿಡಿದ ಹಿಮೋಗ್ಲೋಬಿನ್ ಅನ್ನು ಬೇರೆಯಾಗಿಯೇ ಅಳೆಯುವ ರಕ್ತಪರೀಕ್ಷೆಯನ್ನು ‘ಕೋ-ಆಕ್ಸಿಮೆಟ್ರಿ’ ಎಂದೇ ಕೇಳಬೇಕು. ಅದಕ್ಕೆ ಅಭಿಧಮನಿಯ ರಕ್ತವೂ ಸಾಕು. ವರದಿಗೆ ಕಾಯದೆ ಮಾಸ್ಕ್‌ನಲ್ಲಿ ಪೂರ್ಣ ಆಮ್ಲಜನಕ ಶುರುಮಾಡಬೇಕು.

ರಕ್ತಹೀನತೆಯಲ್ಲಿ ಅಂಕಿ ಸುಳ್ಳಲ್ಲ, ಅರ್ಥ ಬೇರೆ. ಹಿಮೋಗ್ಲೋಬಿನ್ 15 ಇದ್ದಾಗ 98ಕ್ಕೆ 100 ಮಿ.ಲೀ. ರಕ್ತ ಸುಮಾರು 20 ಮಿ.ಲೀ. ಆಮ್ಲಜನಕ ಹೊರುತ್ತದೆ, 5 ಇದ್ದರೆ ಅದೇ 98ಕ್ಕೆ ಸುಮಾರು 6.5 ಮಾತ್ರ. ಬಸ್ಸು ತುಂಬಿದೆ, ಆದರೆ ಇರುವುದೇ ಮೂರನೇ ಒಂದು ಪಾಲು ಬಸ್ಸು.

ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡಿ. ಯಂತ್ರದ ನಾಡಿಬಡಿತ ಕೈಯಲ್ಲಿ ಎಣಿಸಿದ್ದಕ್ಕೆ ಹೊಂದದಿದ್ದರೆ ಆ ಅಂಕಿ ಬಿಡಿ. ಕಪ್ಪು ಚರ್ಮದಲ್ಲಿ ಅಂಕಿ ನಿಜಕ್ಕಿಂತ ಹೆಚ್ಚು ಬರುವ ಸಂಭವವಿದೆ. ಅಂಥವರಲ್ಲಿ 92–94 ಇದ್ದು ಏದುಸಿರು ಅಥವಾ ಮಂಕು ಕಂಡರೆ ಅಪಧಮನಿಯ ರಕ್ತದಿಂದಲೇ ಖಚಿತಪಡಿಸಿಕೊಳ್ಳಬೇಕು.